ನಂಜಿನ ಇಂಜೆಕ್ಷನ್ ಹಾಕ್ಸಿದ್ರೂ ಧನುರ್ವಾಯು ಯಾಕೆ ಬಂತು?

ನಾನು ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡುವ ಫಿಸಿಷಿಯನ್. ಧನುರ್ವಾಯು ಈಗ ಅಪರೂಪ. ಬಂದರೆ ಹೆಚ್ಚಾಗಿ ವಯಸ್ಸಾದ ರೈತರಿಗೇ ಬರುತ್ತದೆ. ಮಕ್ಕಳಿಗೆ ಲಸಿಕೆ ಸಿಗುತ್ತದೆ, ಹೆಂಗಸರಿಗೆ ಬಸುರಿಯಲ್ಲಿ ಸಿಗುತ್ತದೆ. ಅರವತ್ತರ ಆಸುಪಾಸಿನ ಗಂಡಸರಿಗೆ ಮಾತ್ರ ಪೂರ್ತಿ ಕೋರ್ಸ್ ಯಾವತ್ತೂ ಆಗಿರುವುದಿಲ್ಲ.

ಈ ರೋಗಿಯೂ ಅಂಥವರೇ. ಗೊಬ್ಬರ ಹರಡಿದ್ದ ಕಬ್ಬಿನ ಗದ್ದೆಯಲ್ಲಿ ಓಡಾಡುವಾಗ ಒಣಗಿದ ಕೂಳೆ ಅಂಗಾಲಿಗೆ ಚುಚ್ಚಿತ್ತು. ಅವತ್ತೇ ಊರಿನ ಹತ್ತಿರ ಒಂದು ಟಿಟಿ ಹಾಕಿಸಿ, ಮೇಲೊಂದು ಪಟ್ಟಿ ಕಟ್ಟಿಸಿಕೊಂಡಿದ್ದರು. ಒಂಬತ್ತನೇ ದಿನ ಮುದ್ದೆ ನುಂಗಲು ಬಾಯಿ ಅಗಲಿಸಲಾಗಲಿಲ್ಲ. ಹಲ್ಲಿನ ತೊಂದರೆ ಇರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಅವರು ನೋಡಿದ ತಕ್ಷಣ ನಮ್ಮಲ್ಲಿಗೆ ಕಳಿಸಿದರು. ಮಗ ಕೇಳಿದ ಮೊದಲ ಪ್ರಶ್ನೆ: "ಅಪ್ಪಂಗೆ ಅವತ್ತೇ ನಂಜಿನ ಇಂಜೆಕ್ಷನ್ ಹಾಕ್ಸಿದ್ವಲ್ಲ ಸಾರ್, ಆದ್ರೂ ಹೆಂಗೆ ಬಂತು?"

ನ್ಯಾಯವಾದ ಪ್ರಶ್ನೆ. ಆದರೆ ಮೊದಲು ರೋಗ ಯಾವುದೆಂದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಇದಕ್ಕೆ ನಂಬುವಂಥ ರಕ್ತ ಪರೀಕ್ಷೆ ಇಲ್ಲ. ಗಾಯದಿಂದ ಕಲ್ಚರ್ ಮಾಡಿದರೂ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಕಣ್ಣು, ಕೈಯನ್ನೇ ನಂಬಬೇಕು. ಅವರ ಹುಬ್ಬು ಮೇಲೇರಿತ್ತು, ತುಟಿಯ ಎರಡೂ ಕೊನೆ ಎಳೆದುಕೊಂಡು ನಗುತ್ತಿರುವ ಹಾಗೆ ಕಾಣುತ್ತಿತ್ತು. ಹೊಟ್ಟೆ ಮುಟ್ಟಿದರೆ ಹಲಗೆ. ಹಲ್ಲಿನ ಸಂದಿಯಲ್ಲಿ ಮರದ ಕಡ್ಡಿ ತೂರಿಸಿ ಗಂಟಲಿನ ಹಿಂಭಾಗ ಮುಟ್ಟಿದೆ. ಬೇರೆಯವರಾದರೆ ಓಕರಿಸಿ ಕಡ್ಡಿಯನ್ನು ಹೊರಗೆ ತಳ್ಳುತ್ತಾರೆ. ಇವರು ಕಟಕ್ಕನೆ ಕಚ್ಚಿ ಹಿಡಿದರು. ಕಡ್ಡಿಯನ್ನು ಬಿಡಿಸಿಕೊಳ್ಳಲು ಕಾಯಬೇಕಾಯಿತು. ಅಲ್ಲಿಗೆ ನನಗೆ ಅನುಮಾನ ಉಳಿಯಲಿಲ್ಲ.

ಆಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದೆ. ಮಣ್ಣು, ಸಗಣಿಯಲ್ಲಿ ಈ ರೋಗಾಣುವಿನ ಬೀಜಕಗಳು ಇದ್ದೇ ಇರುತ್ತವೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಅಲ್ಲಿ ಮೊಳೆತು ವಿಷ ತಯಾರಿಸುತ್ತವೆ. ರೋಗಾಣು ಗಾಯದಲ್ಲೇ ಕೂತಿರುತ್ತದೆ, ಪ್ರಯಾಣ ಮಾಡುವುದು ವಿಷ ಮಾತ್ರ. ಅದು ನರದ ತುದಿ ಹಿಡಿದು, ನರದ ಒಳಗಿಂದಲೇ ಮೇಲಕ್ಕೆ ಹತ್ತಿ ಬೆನ್ನುಹುರಿ ಸೇರುತ್ತದೆ. ಅಲ್ಲಿ ಸ್ನಾಯುಗಳನ್ನು ತಡೆದು ಹಿಡಿಯುವ ನರಕೋಶಗಳಿವೆ. ಅವು ಗಾಬಾ, ಗ್ಲೈಸಿನ್ ಎಂಬ ರಾಸಾಯನಿಕ ಬಿಟ್ಟು ಸ್ನಾಯುವಿಗೆ "ಸಾಕು" ಅನ್ನುತ್ತವೆ. ಆ ರಾಸಾಯನಿಕ ಹೊರಬರಲು ಸಿನಾಪ್ಟೊಬ್ರೆವಿನ್ ಅನ್ನುವ ಪ್ರೋಟೀನ್ ಬೇಕು. ವಿಷ ಅದನ್ನೇ ಕತ್ತರಿಸಿ ಹಾಕುತ್ತದೆ. ಬ್ರೇಕ್ ಹೋದ ಬಸ್ಸಿನ ಹಾಗೆ, ಸಣ್ಣ ತಳ್ಳು ಸಿಕ್ಕರೂ ಸ್ನಾಯು ನಿಲ್ಲುವುದಿಲ್ಲ. ದವಡೆಯ ನರದ ದಾರಿ ಗಿಡ್ಡ, ಅದಕ್ಕೇ ಅಲ್ಲಿ ಮೊದಲು ಬಿಗಿಯುತ್ತದೆ.

ಒಳಗೆ ಸೇರಿದ ವಿಷವನ್ನು ಬಿಡಿಸುವ ಔಷಧ ಯಾವುದೂ ಇಲ್ಲ. ನರದ ತುದಿಗಳು ಹೊಸದಾಗಿ ಚಿಗುರಬೇಕು, ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ರೋಗಿಯನ್ನು ಉಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಟಿಟಿಯ ವಿಷಯವೂ ಇಲ್ಲೇ ಬರುತ್ತದೆ. ಅದು ಲಸಿಕೆ, ಔಷಧ ಅಲ್ಲ. ಹಿಂದೆ ಪೂರ್ತಿ ಕೋರ್ಸ್ ಆದವರಿಗೆ ಒಂದು ಡೋಸ್ ಕೊಟ್ಟರೆ ದೇಹ ಹಳೆಯದನ್ನು ನೆನಪಿಸಿಕೊಂಡು ಕೆಲವೇ ದಿನಗಳಲ್ಲಿ ಪ್ರತಿಕಾಯ ತಯಾರಿಸುತ್ತದೆ. ಯಾವತ್ತೂ ಹಾಕಿಸದವರಿಗೆ ಮೊದಲ ಡೋಸ್ ಬರೀ ಪರಿಚಯ. ಆ ಗಾಯಕ್ಕೆ ಅದರಿಂದ ಉಪಯೋಗ ಇಲ್ಲ. ಅಂಥವರಿಗೆ ಮಣ್ಣು ಸೇರಿದ ಆಳದ ಗಾಯವಾದರೆ ಲಸಿಕೆಯ ಜೊತೆ ಟಿಐಜಿ, ಅಂದರೆ ರೆಡಿಮೇಡ್ ಪ್ರತಿಕಾಯ, 250 ಯೂನಿಟ್ ಇನ್ನೊಂದು ತೋಳಿಗೆ ಹಾಕಬೇಕು. ಇವರಿಗೆ ಅದು ಆಗಿರಲಿಲ್ಲ.

ಬಂದ ದಿನವೇ ಟಿಐಜಿ 500 ಯೂನಿಟ್ ಸ್ನಾಯುವಿಗೆ ಕೊಟ್ಟೆವು. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ಅದು ಹಿಡಿಯಬಲ್ಲದು. ಗಾಯಕ್ಕೆ ಕೈ ಹಾಕಿದ್ದು ಅದಾದ ಕೆಲವು ಗಂಟೆ ಬಿಟ್ಟು, ಯಾಕಂದರೆ ಗಾಯ ಕೆದಕುವಾಗ ಇನ್ನಷ್ಟು ವಿಷ ಹೊರಬರಬಹುದು. ಮೇಲಿಂದ ನೋಡಿದರೆ ಅಂಗಾಲು ಮಾಯ್ದ ಹಾಗೇ ಇತ್ತು. ಸರ್ಜನ್ ಬಿಡಿಸಿದಾಗ ಒಳಗೆ ಕಪ್ಪಾದ ಮಾಂಸ, ಅದರ ನಡುವೆ ಕೂಳೆಯ ಸಿಬರು. ಸತ್ತ ಭಾಗವನ್ನೆಲ್ಲ ಕತ್ತರಿಸಿ ತೊಳೆದು, ಹೊಲಿಗೆ ಹಾಕದೆ ತೆರೆದೇ ಬಿಟ್ಟರು. ಗಾಳಿ ತಗುಲಿದರೆ ಈ ರೋಗಾಣು ಬೆಳೆಯುವುದಿಲ್ಲ. ಜೊತೆಗೆ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಆರು ಗಂಟೆಗೊಮ್ಮೆ. ಪೆನಿಸಿಲಿನ್ ಕೂಡ ಕೆಲಸ ಮಾಡುತ್ತದೆ, ಆದರೆ ಅದು ಗಾಬಾಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಹಾಗಾಗಿ ನನಗೆ ಮೊದಲನೆಯದೇ ಇಷ್ಟ.

ಸೆಳೆತ ಶುರುವಾದದ್ದು ಮರುದಿನ ರಾತ್ರಿ. ಪಕ್ಕದಲ್ಲಿ ಸ್ಟೀಲ್ ಟ್ರೇ ಬಿದ್ದ ಸದ್ದಿಗೆ ಇಡೀ ಮೈ ಬಿಲ್ಲಿನಂತೆ ಬಾಗಿ, ತಲೆ ಮತ್ತು ಹಿಮ್ಮಡಿಯ ಮೇಲೆ ನಿಂತರು. ಎಚ್ಚರ ಪೂರ್ತಿ ಇತ್ತು. ಈ ರೋಗದ ಕ್ರೌರ್ಯ ಅದೇ, ಪ್ರತಿ ಸೆಳೆತವೂ ಅವರಿಗೆ ಗೊತ್ತಾಗುತ್ತದೆ. ಬಾಯಿ ಬಿಗಿದ ಹೊತ್ತಿನಿಂದ ಮೊದಲ ಸೆಳೆತಕ್ಕೆ ಎರಡು ದಿನಕ್ಕಿಂತ ಕಡಿಮೆ ಅಂತರ ಇದ್ದರೆ ರೋಗ ಜೋರು ಅಂತಲೇ ಲೆಕ್ಕ. ಇವರದು ಹಾಗೇ ಇತ್ತು. ಮೂಲೆಯ ಕೋಣೆಗೆ ಸಾಗಿಸಿ ದೀಪ ಮಂದ ಮಾಡಿದೆವು. ರಕ್ತ ತೆಗೆಯುವುದು, ಮಗ್ಗುಲು ಬದಲಿಸುವುದು, ಕಫ ತೆಗೆಯುವುದು ಎಲ್ಲವನ್ನೂ ಔಷಧ ಕೊಟ್ಟ ಮೇಲೆ ಒಟ್ಟಿಗೆ ಮಾಡಿದೆವು.

ಡಯಾಜೆಪಾಮ್ ಉಳಿದಿರುವ ಗಾಬಾಕ್ಕೆ ಬಲ ಕೊಡುತ್ತದೆ. ಹತ್ತು ಮಿಲಿಗ್ರಾಂನಿಂದ ಶುರು ಮಾಡಿದ್ದು, ಏರಿಸುತ್ತಾ ಹೋಗಿ ದಿನಕ್ಕೆ ನೂರು ದಾಟಿತು. ಹೊಸ ಹೌಸ್ ಸರ್ಜನ್ ಚಾರ್ಟ್ ನೋಡಿ ಗಾಬರಿಯಾದ. ಅದಕ್ಕೂ ಬಗ್ಗದೆ ಉಳಿದ ಸೆಳೆತಕ್ಕೆ ಮೆಗ್ನೀಸಿಯಂ ಸಲ್ಫೇಟ್. ಬಸುರಿಯರಿಗೆ ಫಿಟ್ಸ್ ಬಂದಾಗ ಕೊಡುವ ಅದೇ ಔಷಧ, ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ತೂಕಕ್ಕೆ ಕಿಲೋಗೆ 40 ಮಿಲಿಗ್ರಾಂನಂತೆ ಅರ್ಧ ಗಂಟೆಯಲ್ಲಿ, ಆಮೇಲೆ ಗಂಟೆಗೆ ಒಂದೂವರೆಯಿಂದ ಎರಡು ಗ್ರಾಂ. ಮೊಣಕಾಲಿಗೆ ಸುತ್ತಿಗೆ ತಟ್ಟಿದಾಗ ಕಾಲು ಎಗರದೇ ಹೋದರೆ ಮೆಗ್ನೀಸಿಯಂ ಜಾಸ್ತಿಯಾಯಿತು ಅಂತ, ತಕ್ಷಣ ಇಳಿಸಬೇಕು. ಮೂತ್ರ ಕಡಿಮೆಯಾದರೂ ಅಷ್ಟೇ. ಜಾಸ್ತಿಯಾದ ಮೆಗ್ನೀಸಿಯಂಗೆ ಮಾರುಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಹಾಸಿಗೆ ಪಕ್ಕದಲ್ಲೇ ಇರಬೇಕು. 2006ರಲ್ಲಿ ಪ್ರಕಟವಾದ ವಿಯೆಟ್ನಾಂನ ಅಧ್ಯಯನದಲ್ಲಿ ಮೆಗ್ನೀಸಿಯಂನಿಂದ ವೆಂಟಿಲೇಟರ್ ಅಗತ್ಯ ಕಡಿಮೆಯಾಗಲಿಲ್ಲ. ಸೆಳೆತಕ್ಕೆ, ಹೃದಯಕ್ಕೆ ಬೇಕಾಗುವ ಬೇರೆ ಔಷಧಗಳು ಮಾತ್ರ ಕಡಿಮೆಯಾದವು. ನಾನೂ ಅಷ್ಟನ್ನೇ ನಿರೀಕ್ಷಿಸುತ್ತೇನೆ.

ಗಂಟಲಿನ ಸ್ನಾಯು ಒಮ್ಮೆ ಮುಚ್ಚಿಕೊಂಡರೆ ಟ್ಯೂಬ್ ಹಾಕಲು ಸಮಯ ಸಿಗುವುದಿಲ್ಲ. ಅದಕ್ಕೆ ಕಾಯದೆ, ಮೂರನೇ ದಿನವೇ ಟ್ರೆಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬ್ ಇಡುವುದು, ಮಾಡಿಸಿ ವೆಂಟಿಲೇಟರ್‌ಗೆ ಹಾಕಿದೆವು. ಎರಡನೇ ವಾರ ಇನ್ನೊಂದು ಕಾಟ. ಬಿಪಿ ಒಂದು ಗಳಿಗೆ 200, ಇನ್ನೊಂದು ಗಳಿಗೆ 80. ಇಂಥ ಹೊತ್ತಲ್ಲಿ ಬಿಪಿ ಇಳಿಸಲು ಪ್ರೊಪ್ರನೊಲಾಲ್ ಒಂದನ್ನೇ ಕೊಡುವುದು ಅಪಾಯ, ಹೃದಯ ಇದ್ದಕ್ಕಿದ್ದಂತೆ ನಿಂತದ್ದಿದೆ. ಮಾರ್ಫಿನ್ ಸಣ್ಣ ಡೋಸ್‌ನಲ್ಲಿ, ಮೆಗ್ನೀಸಿಯಂ ಜೊತೆಗೆ, ನಿಧಾನವಾಗಿ ಹತೋಟಿಗೆ ತಂದಿತು. ಮೂರನೇ ವಾರದ ಕೊನೆಗೆ ಸೆಳೆತ ಸಡಿಲವಾಯಿತು, ಐದನೇ ವಾರ ಎದ್ದು ಕೂತರು.

ಡಿಸ್ಚಾರ್ಜ್ ದಿನ ಮಗ ಮತ್ತೆ ಕೇಳಿದ: "ಒಂದ್ಸಲ ಬಂದ್ಮೇಲೆ ಇನ್ ಬರಲ್ಲ ಅಲ್ವಾ ಸಾರ್?" ಬರುತ್ತೆ. ರೋಗ ಬರಿಸುವಷ್ಟು ವಿಷ ಎಷ್ಟು ಕಡಿಮೆ ಅಂದರೆ, ದೇಹ ಅದನ್ನು ಗುರುತಿಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಅವತ್ತೇ ಟಿಡಿ ಲಸಿಕೆ ಹಾಕಿದೆವು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಟಿ ಬದಲು ಕೊಡುವುದು ಅದನ್ನೇ. ಊರಲ್ಲಿ ಹಾಕಿಸಿದ್ದು ಒಂದು, ಇದು ಎರಡು. ಮೂರನೆಯದನ್ನು ಆರು ತಿಂಗಳು ಬಿಟ್ಟು ಪಿಎಚ್‌ಸಿಯಲ್ಲಿ ಹಾಕಿಸಲು ಬರೆದುಕೊಟ್ಟೆ. ಮೂರೂ ಆದ ಮೇಲೆ ಸಣ್ಣ, ಶುಭ್ರ ಗಾಯಕ್ಕೆ ಹತ್ತು ವರ್ಷದೊಳಗೆ, ಮಣ್ಣಿನ ಗಾಯಕ್ಕೆ ಐದು ವರ್ಷದೊಳಗೆ ಮತ್ತೆ ಇಂಜೆಕ್ಷನ್ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಸುಮ್ನೆ ಹಾಕಿಸಿಕೊಳ್ಳುವ ನಮ್ಮೂರ ಕಡೆಯ ಅಭ್ಯಾಸಕ್ಕೆ ಆಧಾರ ಇಲ್ಲ. ಅದೇ ಗದ್ದೆಯಲ್ಲಿ ದುಡಿಯುವ ಅವರ ತಮ್ಮ ಅವತ್ತು ಜೊತೆಗೆ ಬಂದಿದ್ದರು. ಒಂದು ಡೋಸೂ ಹಾಕಿಸಿದ ನೆನಪಿಲ್ಲ ಅಂದರು. ಅವರದೂ ಮೊದಲ ಡೋಸ್ ಅಲ್ಲೇ ಮುಗಿಸಿ, ನಾಲ್ಕು ವಾರ ಬಿಟ್ಟು ಬರುವಂತೆ ಚೀಟಿ ಬರೆದುಕೊಟ್ಟೆ.