ಆಗಾಗ ನಿಲ್ಲುತ್ತಿದ್ದ ಕೌಂಟರ್ ಮತ್ತು ಮೆಟಾಸ್ಟೆಬಿಲಿಟಿಯ ಲೆಕ್ಕ

ಮಂಗಳೂರಿನ ಬೈಕಂಪಾಡಿಯ ನಮ್ಮ ಸಣ್ಣ ವರ್ಕ್‌ಶಾಪಿಗೆ ಗೇರುಬೀಜ ಪ್ಯಾಕ್ ಮಾಡುವ ಮೆಷಿನ್ನಿನ ಬೋರ್ಡೊಂದು ರಿಪೇರಿಗೆ ಬಂದಿತ್ತು. ಬೆಲ್ಟಿನ ಎನ್‌ಕೋಡರ್ ಕೊಡುವ ಪಲ್ಸ್‌ಗಳನ್ನು ಎಣಿಸುವ ಎಫ್‌ಪಿಜಿಎ ಬೋರ್ಡ್ ಅದು. ಸರಿಯಾಗೇ ಓಡುತ್ತಿರುವಾಗ ಕೌಂಟರ್ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಕೆಲವು ನಿಮಿಷ ಸರಿ.

ಪವರ್ ಸಪ್ಲೈ, ಕೇಬಲ್, ಸೋಲ್ಡರ್ ಎಲ್ಲ ಚೆನ್ನಾಗಿತ್ತು. ಡಿಸೈನ್ ಫೈಲ್ ಜೊತೆಗೇ ಕೊಟ್ಟಿದ್ದರು, ಅದರ ಟೈಮಿಂಗ್ ರಿಪೋರ್ಟ್ ಕೂಡ ಪಾಸ್. ಆಗ ಎರಡು ಪರೀಕ್ಷೆ ಮಾಡಿದೆ. ಮೊದಲು ಎನ್‌ಕೋಡರ್ ತೆಗೆದು, ಬೋರ್ಡಿನ ಕ್ಲಾಕಿನಿಂದಲೇ ಹುಟ್ಟಿಸಿದ ಪಲ್ಸ್ ಕೊಟ್ಟೆ. ಕೌಂಟರ್ ನಿಲ್ಲಲೇ ಇಲ್ಲ. ಆಮೇಲೆ ಎನ್‌ಕೋಡರನ್ನು ವಾಪಸ್ ಹಾಕಿ, ಕ್ಲಾಕನ್ನು 50 ಮೆಗಾಹರ್ಟ್ಸ್‌ನಿಂದ 40ಕ್ಕೆ ಇಳಿಸಿದೆ. ಆಗಲೂ ನಿಲ್ಲಲಿಲ್ಲ. ಹೊರಗಿನ ಸಿಗ್ನಲ್‌ಗೆ ಮಾತ್ರ ಬರುವ ತೊಂದರೆ, ಅದೂ ಕ್ಲಾಕ್ ಸ್ವಲ್ಪ ಇಳಿಸಿದರೆ ಮಾಯವಾಗುವ ತೊಂದರೆ ಅಂದರೆ ನನಗೆ ಮೆಟಾಸ್ಟೆಬಿಲಿಟಿಯ ವಾಸನೆ ಬರುತ್ತದೆ.

ಫ್ಲಿಪ್-ಫ್ಲಾಪ್ ಕ್ಲಾಕಿನ ಅಂಚಿನಲ್ಲಿ ತನ್ನ ಇನ್‌ಪುಟ್ ನೋಡಿ 0 ಅಥವಾ 1 ಎಂದು ಹಿಡಿದಿಟ್ಟುಕೊಳ್ಳುತ್ತದೆ. ಅಂಚಿಗೆ ಸ್ವಲ್ಪ ಮುಂಚಿನಿಂದ ಇನ್‌ಪುಟ್ ಅಲುಗಾಡಬಾರದು, ಅದು ಸೆಟಪ್ ಟೈಮ್. ಅಂಚು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲುಗಾಡಬಾರದು, ಅದು ಹೋಲ್ಡ್ ಟೈಮ್. ಸಿಟಿ ಬಸ್ಸಿನ ಕಂಡಕ್ಟರ್ "ರೈಟ್ ಪೋಯಿ" ಅನ್ನುವ ಹೊತ್ತಿಗೆ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿ ಇಟ್ಟವನ ಸ್ಥಿತಿ ಗೊತ್ತಲ್ವಾ? ಇನ್‌ಪುಟ್ ಈ ಕಿಟಕಿಯೊಳಗೆ ಬದಲಾದರೆ ಫ್ಲಿಪ್-ಫ್ಲಾಪ್‌ನದ್ದೂ ಅದೇ ಕಥೆ.

ಒಳಗೆ ಇರುವುದು ಒಂದಕ್ಕೊಂದು ಎದುರುಬದುರಾಗಿ ಜೋಡಿಸಿದ ಎರಡು ಇನ್‌ವರ್ಟರ್‌ಗಳು. ಒಂದು 1 ಆದರೆ ಇನ್ನೊಂದು 0, ಒಂದನ್ನೊಂದು ತಳ್ಳಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಎರಡೂ ನಡುವಿನ ವೋಲ್ಟೇಜಿನಲ್ಲಿ ಸಮವಾಗಿ ಸಿಕ್ಕಿಕೊಂಡರೆ ಯಾವ ಕಡೆ ಬೀಳಬೇಕೆಂದು ತೀರ್ಮಾನವಾಗುವುದಿಲ್ಲ. ಮೆಟಾಸ್ಟೆಬಿಲಿಟಿ ಅಂದರೆ ಇದೇ. ಅಲ್ಲಿ ಸಣ್ಣ ವ್ಯತ್ಯಾಸವೊಂದು ಇದ್ದೇ ಇರುತ್ತದೆ, ಅದು ಬೆಳೆಯುತ್ತಾ ಹೋಗುತ್ತದೆ. ಆ ಬೆಳವಣಿಗೆಯ ವೇಗ ಹೇಳುವ ಅಳತೆ ಟೌ, ಪ್ರತಿ ಫ್ಲಿಪ್-ಫ್ಲಾಪ್‌ಗೆ ತನ್ನದೇ ಟೌ ಇರುತ್ತದೆ. ಪ್ರತಿ ಟೌ ಸಮಯಕ್ಕೆ ವ್ಯತ್ಯಾಸ 2.7 ಪಟ್ಟು ಆಗುತ್ತದೆ. ಮೊದಲಿದ್ದ ವ್ಯತ್ಯಾಸ ಎಷ್ಟು ಸಣ್ಣದೋ, ತೀರ್ಮಾನಕ್ಕೆ ಅಷ್ಟು ಜಾಸ್ತಿ ಹೊತ್ತು. ಇದಕ್ಕೆ ಗರಿಷ್ಠ ಮಿತಿ ಅಂತ ಇಲ್ಲ. ಹೆಚ್ಚು ಹೊತ್ತು ಸಿಕ್ಕಿಕೊಂಡಿರುವ ಸಾಧ್ಯತೆ ಮಾತ್ರ ಬಹಳ ಬೇಗ ಕಡಿಮೆಯಾಗುತ್ತದೆ.

ಇದನ್ನು ಕಣ್ಣಲ್ಲಿ ನೋಡಬಹುದು. ಕಲಿಯಲು ಬರುವ ಹುಡುಗರಿಗೆ ನಾನು ತೋರಿಸುವುದು ಹೀಗೆ. ಎರಡು ಬೇರೆ ಬೇರೆ 1 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್. ಒಂದನ್ನು ಒಂದು 74HC74 ಚಿಪ್ಪಿನ ಕ್ಲಾಕಿಗೆ ಕೊಡುತ್ತೇನೆ. ಇನ್ನೊಂದನ್ನು ಬೇರೆ ಚಿಪ್ಪಿನಲ್ಲಿ ಎರಡರಿಂದ ಭಾಗಿಸಿ ಡಿ ಪಿನ್ನಿಗೆ ಕೊಡುತ್ತೇನೆ. ಎರಡು ಕ್ರಿಸ್ಟಲ್ ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸ ಇದ್ದರೆ, ಪ್ರತಿ ಕ್ಲಾಕಿಗೆ ಡಿ ಅಂಚು 20 ಪಿಕೋಸೆಕೆಂಡ್ ಜಾರುತ್ತದೆ. ಹೀಗೆ ಅದು ತಾನಾಗೇ ಕಿಟಕಿಯನ್ನು ಮತ್ತೆ ಮತ್ತೆ ದಾಟುತ್ತಿರುತ್ತದೆ. ಸ್ಕೋಪನ್ನು ಕ್ಲಾಕಿನ ಮೇಲೆ ಟ್ರಿಗರ್ ಮಾಡಿ, ಪರ್ಸಿಸ್ಟೆನ್ಸ್ ಆನ್ ಮಾಡಿ, ಕ್ಯೂ ಪಿನ್ ನೋಡಬೇಕು. ಪ್ರೋಬಿನ ಗ್ರೌಂಡ್ ತಂತಿ ಗಿಡ್ಡ ಇರಲಿ.

ಅರ್ಧ ವೋಲ್ಟೇಜಿನಲ್ಲಿ ನಿಂತ ಗೆರೆ ಕಾಣುತ್ತದೆ ಅಂತ ಎಲ್ಲರೂ ಕಾಯುತ್ತಾರೆ. ಸಾಮಾನ್ಯವಾಗಿ ಅದು ಕಾಣುವುದಿಲ್ಲ, ಒಳಗಿನ ಗೊಂದಲವನ್ನು ಔಟ್‌ಪುಟ್ ಬಫರ್ ಮುಚ್ಚಿಬಿಡುತ್ತದೆ. ಕಾಣುವುದು ತಡವಾಗಿ ಬರುವ ಅಂಚು. ಒಂದು ದಪ್ಪ ಗೆರೆ, ಅದರ ಬಲಕ್ಕೆ ತೆಳುವಾಗುತ್ತಾ ಹೋಗುವ ಬಾಲ. ಬಲಕ್ಕೆ ಸಮ ದೂರ ಹೋದಂತೆಲ್ಲ ಚುಕ್ಕೆಗಳು ಅದೇ ಅನುಪಾತದಲ್ಲಿ ಕಡಿಮೆಯಾಗುತ್ತವೆ. ಆ ಇಳಿಕೆಯಿಂದಲೇ ಟೌ ಲೆಕ್ಕ ಹಾಕುವುದು.

ಈಗ ಬೋರ್ಡಿನ ಲೆಕ್ಕಕ್ಕೆ ಬರೋಣ. ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯ, ಅಂದರೆ ಎಂಟಿಬಿಎಫ್:

```
MTBF = e^(tr/tau) / (T0 * fclk * fdata)
```

ಕೆಳಗಿನ ಭಾಗ ಸಮಸ್ಯೆ ಎಷ್ಟು ಸಲ ಹುಟ್ಟುತ್ತದೆ ಎಂದು ಹೇಳುತ್ತದೆ. ಮೇಲಿನ ಭಾಗ, `tr` ಸಮಯ ಕಾದರೆ ಅದು ಎಷ್ಟರ ಮಟ್ಟಿಗೆ ತಾನಾಗೇ ಬಗೆಹರಿಯುತ್ತದೆ ಎಂದು. `T0` ಕಿಟಕಿಯ ಅಗಲದಂಥ ಒಂದು ಅಳತೆ, ಡೇಟಾಶೀಟಿನ ಸೆಟಪ್ ಟೈಮ್ ಅಲ್ಲ. ಟೌ ಮತ್ತು `T0` ಎರಡೂ ಚಿಪ್ ತಯಾರಕರಿಂದ ಸಿಗಬೇಕು, ಇಲ್ಲವೇ ಅಳೆಯಬೇಕು. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಟೌ 0.5 ನ್ಯಾನೋಸೆಕೆಂಡ್, `T0` 1 ನ್ಯಾನೋಸೆಕೆಂಡ್ ಅಂದುಕೊಳ್ಳೋಣ. ಈಗಿನ ಎಫ್‌ಪಿಜಿಎಗಳಲ್ಲಿ ಟೌ ಇದಕ್ಕಿಂತ ತುಂಬಾ ಕಡಿಮೆ.

ಕ್ಲಾಕ್ 50 ಮೆಗಾಹರ್ಟ್ಸ್, ಎನ್‌ಕೋಡರ್ ಸೆಕೆಂಡಿಗೆ 10,000 ಸಲ ಬದಲಾಗುತ್ತದೆ. ಇವೆರಡನ್ನೂ `T0` ಜೊತೆ ಗುಣಿಸಿದರೆ ಸೆಕೆಂಡಿಗೆ 500 ಸಲ ಕಿಟಕಿಗೆ ಸಿಕ್ಕಿಬೀಳುತ್ತದೆ. ಆ ಡಿಸೈನಿನಲ್ಲಿ ಎನ್‌ಕೋಡರಿಗೆ ಒಂದೇ ಫ್ಲಿಪ್-ಫ್ಲಾಪ್ ಇತ್ತು. ಅದರ ಹಿಂದೆ 12 ನ್ಯಾನೋಸೆಕೆಂಡಿನ ಲಾಜಿಕ್, ಆಮೇಲೆ ಸ್ಟೇಟ್ ಮೆಷಿನ್. ಕ್ಲಾಕಿನ 20 ನ್ಯಾನೋಸೆಕೆಂಡಿನಲ್ಲಿ ಲಾಜಿಕ್ಕಿಗೆ 12, ಸೆಟಪ್ ಇತ್ಯಾದಿಗೆ 2 ಕಳೆದರೆ ಕಾಯಲು ಉಳಿದದ್ದು 6. ಇ ಘಾತ 12 ಅಂದರೆ ಸುಮಾರು 1,63,000. ಅದನ್ನು 500ರಿಂದ ಭಾಗಿಸಿದರೆ 325 ಸೆಕೆಂಡ್, ಐದೂವರೆ ನಿಮಿಷ. ಕ್ಲಾಕ್ 40 ಮೆಗಾಹರ್ಟ್ಸ್ ಮಾಡಿದರೆ ಕಾಯಲು 11 ನ್ಯಾನೋಸೆಕೆಂಡ್ ಸಿಗುತ್ತದೆ, ಎಂಟಿಬಿಎಫ್ ನೂರು ದಿನ ದಾಟುತ್ತದೆ. ಮಾಯವಾದಂತೆ ಕಂಡದ್ದು ಅದಕ್ಕೇ.

ಕ್ಲಾಕ್ ಇಳಿಸಿದಾಗ ತೊಂದರೆ ಸ್ವಲ್ಪ ಮಾತ್ರ ಕಡಿಮೆಯಾಗಿದ್ದರೆ ನಾನು ಬೇರೆ ಕಡೆ ಹುಡುಕುತ್ತಿದ್ದೆ. ಉದಾಹರಣೆಗೆ, ಹೊರಗಿನ ಸಿಗ್ನಲ್ ನೇರವಾಗಿ ಎರಡು ಫ್ಲಿಪ್-ಫ್ಲಾಪ್‌ಗೆ ಹೋಗಿದ್ದರೆ ಒಂದು 0 ಓದಬಹುದು, ಇನ್ನೊಂದು 1 ಓದಬಹುದು. ಅದಕ್ಕೆ ಮೆಟಾಸ್ಟೆಬಿಲಿಟಿಯೇ ಬೇಕಿಲ್ಲ. ನಿಜ ಹೇಳಬೇಕೆಂದರೆ ಹೊಸಬರ ಬೋರ್ಡುಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ.

ಪರಿಹಾರ ಎರಡು ಸಾಲಿನದ್ದು. ಮೊದಲ ಫ್ಲಿಪ್-ಫ್ಲಾಪ್ ಹಿಂದೆ ಇನ್ನೊಂದು, ನಡುವೆ ಯಾವ ಲಾಜಿಕ್ಕೂ ಇಲ್ಲ:

```verilog
(* ASYNC_REG = "TRUE" *) reg s1, s2;
always @(posedge clk) begin
  s1 <= enc;
  s2 <= s1;
end
```

ವಿವಾಡೋ ಬಳಸುವವರು `ASYNC_REG` ಮರೆಯಬಾರದು. ಅದಿದ್ದರೆ ಎರಡನ್ನೂ ಹತ್ತಿರ ಹತ್ತಿರ ಇಡುತ್ತದೆ, ತಂತಿಯಲ್ಲಿ ಸಮಯ ಪೋಲಾಗುವುದಿಲ್ಲ. `s1` ಅನ್ನು ಬೇರೆಲ್ಲೂ ಬಳಸಬೇಡಿ, `s2` ಮಾತ್ರ ಬಳಸಿ. ಈಗ ಕಾಯಲು 18 ನ್ಯಾನೋಸೆಕೆಂಡ್. ಅದೇ ಸೂತ್ರದಲ್ಲಿ ಹಾಕಿದರೆ 2 ಲಕ್ಷದ 73 ಸಾವಿರ ವರ್ಷ ಬರುತ್ತದೆ. ಐದೂವರೆ ನಿಮಿಷ ಎಲ್ಲಿ, ಇದೆಲ್ಲಿ!

ಒಟ್ಟಿಗೆ ಸಾಗುವ ಡೇಟಾ ಬಸ್ಸಿನ ಎಂಟು ಬಿಟ್‌ಗೂ ಹೀಗೆ ಒಂದೊಂದು ಜೋಡಿ ಹಾಕಿದರೆ ಮಾತ್ರ ಕೆಲಸ ಕೆಡುತ್ತದೆ. ಕೆಲವು ಬಿಟ್ ಒಂದು ಕ್ಲಾಕ್ ಮುಂಚೆ, ಕೆಲವು ಆಮೇಲೆ ಬರಬಹುದು. ಅಲ್ಲಿ ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವ ಗ್ರೇ ಕೋಡ್ ಅಥವಾ ಎರಡು ಕ್ಲಾಕಿನ ಫಿಫೋ ಬೇಕು.

ಮುಂದೆ ಅದೇ ಡಿಸೈನನ್ನು 100 ಮೆಗಾಹರ್ಟ್ಸ್‌ಗೆ ಏರಿಸಬೇಕು ಎಂದು ಕೇಳಿದರು. 12 ನ್ಯಾನೋಸೆಕೆಂಡಿನ ಲಾಜಿಕ್ 10 ನ್ಯಾನೋಸೆಕೆಂಡಿನ ಕ್ಲಾಕಿನಲ್ಲಿ ಹಿಡಿಸುವುದಿಲ್ಲ, ಅದನ್ನು ಮೊದಲು ತುಂಡು ಮಾಡಬೇಕಾಗುತ್ತದೆ. ಎರಡು ಫ್ಲಿಪ್-ಫ್ಲಾಪ್ ನಡುವೆ ಕಾಯಲು ಸಿಗುವುದೂ ಬರೀ 8 ನ್ಯಾನೋಸೆಕೆಂಡ್. ಎರಡು ಫ್ಲಿಪ್-ಫ್ಲಾಪ್ ಇದ್ದರೂ ಎಂಟಿಬಿಎಫ್ ಎರಡೂವರೆ ಗಂಟೆಗೆ ಇಳಿಯುತ್ತದೆ. ಮೂರನೆಯದು ಸೇರಿಸಿದರೆ 2,500 ವರ್ಷ. ಸಾಕಲ್ವಾ ಅನ್ನಿಸಬಹುದು, ಆದರೆ ಇದು ಒಂದು ಬೋರ್ಡಿನ ಸರಾಸರಿ. ಇಂಥ ನೂರು ಮೆಷಿನ್ ಓಡಿದರೆ ಎಲ್ಲೋ ಒಂದು ಕಡೆ 25 ವರ್ಷಕ್ಕೊಮ್ಮೆ ನಿಲ್ಲುತ್ತದೆ. ವೋಲ್ಟೇಜ್ ಇಳಿದರೆ ಟೌ ಹೆಚ್ಚಾಗುವುದರಿಂದ ಆ ಅಂಕಿಯೂ ಕುಸಿಯುತ್ತದೆ. ಅದಕ್ಕೆ ನಾಲ್ಕನೆಯದನ್ನೂ ಹಾಕಿದೆ. ಪ್ರತಿ ಫ್ಲಿಪ್-ಫ್ಲಾಪ್‌ಗೆ 10 ನ್ಯಾನೋಸೆಕೆಂಡ್ ತಡವಾಗುತ್ತದೆ ನಿಜ. ಆದರೆ ಎನ್‌ಕೋಡರಿನ ಎರಡು ಅಂಚುಗಳ ನಡುವೆ 1,00,000 ನ್ಯಾನೋಸೆಕೆಂಡ್ ಇರುವಾಗ ಬೆಲ್ಟಿಗೆ ಅದು ಗೊತ್ತೇ ಆಗುವುದಿಲ್ಲ.