√2 ಹೆಸರು ಎತ್ತದೆ √2ರ ತೂತು ತೋರಿಸಿದ್ದು

ರಿಯಲ್ ಅನಾಲಿಸಿಸ್ ಪಾಠದಲ್ಲಿ ನಾನು ವರ್ಷಗಟ್ಟಲೆ ಒಂದೇ ಸಾಲು ಬರೆಯುತ್ತಿದ್ದೆ: "1, 1.4, 1.41, 1.414... ಇದು √2ಗೆ ಹೋಗುತ್ತದೆ, ಹಾಗಾಗಿ ಇದು ಕೋಶಿ ಶ್ರೇಣಿ. ಆದರೆ √2 ಭಾಗಲಬ್ಧ ಅಲ್ಲ. ಆದ್ದರಿಂದ ಭಾಗಲಬ್ಧ ಸಂಖ್ಯೆಗಳಲ್ಲಿ ತೂತು ಇದೆ." ಮುಗೀತು, ಮುಂದಿನ ಪಾಠ.

ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಸರ್, ನಮ್ಮ ಹತ್ತಿರ ಈಗ ಭಾಗಲಬ್ಧ ಸಂಖ್ಯೆಗಳು ಮಾತ್ರ ಇವೆ ಅಂದ್ರಿ. ಹಾಗಾದ್ರೆ ಆ √2 ಎಲ್ಲಿಂದ ಬಂತು?"

ಉತ್ತರ ನನ್ನ ಬಳಿ ಇರಲಿಲ್ಲ. ಅವಳು ಹೇಳಿದ್ದು ಸರಿ. ಇಲ್ಲದ ಸಂಖ್ಯೆಗೆ ಶ್ರೇಣಿ ಹತ್ತಿರ ಹೋಗುತ್ತದೆ ಎಂದು ಹೇಳಿ, ಅದರಿಂದಲೇ ಅದನ್ನು ಕೋಶಿ ಎಂದು ಕರೆಯುತ್ತಿದ್ದೆ. ಕೋಶಿ ಶ್ರೇಣಿ ಎಂಬ ಮಾತಿನ ಗುಟ್ಟೇ ಬೇರೆ. ಅದರಲ್ಲಿ ಲಿಮಿಟ್‌ನ ಹೆಸರೇ ಬರುವುದಿಲ್ಲ. ಎಷ್ಟೇ ಚಿಕ್ಕ ಅಂತರ ಕೊಟ್ಟರೂ, ಒಂದು ಹಂತದ ನಂತರದ ಯಾವ ಎರಡು ಪದ ತೆಗೆದುಕೊಂಡರೂ ಅವುಗಳ ನಡುವಿನ ದೂರ ಅದಕ್ಕಿಂತ ಕಡಿಮೆ ಇರಬೇಕು, ಅಷ್ಟೆ. ಪದಗಳು ತಮ್ಮತಮ್ಮಲ್ಲೇ ಹತ್ತಿರ ಬರಬೇಕು. ಎಲ್ಲಿಗೆ ಹೋಗುತ್ತಿವೆ ಎಂದು ಯಾರೂ ಕೇಳುವುದಿಲ್ಲ. ಕೊಡುವ ಅಂತರವೂ ಭಾಗಲಬ್ಧವೇ ಆಗಿರಬೇಕು, ಯಾಕೆಂದರೆ ಬೇರೆ ಸಂಖ್ಯೆ ನಮ್ಮ ಬಳಿ ಇನ್ನೂ ಇಲ್ಲ.

ಆ ಸಂಜೆ ಒಂದು ಶಪಥ ಮಾಡಿ ಕೂತೆ. ಪೂರ್ತಿ ಸಾಧನೆಯನ್ನು √ ಚಿಹ್ನೆ ಬಳಸದೆ, ಬರೀ ಪೂರ್ಣಾಂಕ ಮತ್ತು ಭಿನ್ನರಾಶಿಗಳಲ್ಲಿ ಬರೆಯಬೇಕು.

ದಶಮಾಂಶದ ಶ್ರೇಣಿಯಿಂದಲೇ ಶುರು ಮಾಡಿದೆ. ಅದು ಕೋಶಿ ಎಂದು ತೋರಿಸುವುದು ಸುಲಭ, ಆದರೆ ಛೇದಗಳೆಲ್ಲ ಸುಮ್ನೆ 10ರ ಘಾತಗಳು. ಸಂಖ್ಯೆ ಎಷ್ಟು ತಪ್ಪಿದೆ ಎಂಬುದು ಅವುಗಳಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅದನ್ನು ಬಿಟ್ಟು ಹಳೆಯ ಒಂದು ನಿಯಮ ತೆಗೆದುಕೊಂಡೆ. ಭಿನ್ನರಾಶಿ p/q ಇದ್ದರೆ, ಮುಂದಿನದರ ಅಂಶ p + 2q, ಛೇದ p + q. 1/1ರಿಂದ ಹೊರಟರೆ ಹೀಗೆ ಬರುತ್ತದೆ:

1/1, 3/2, 7/5, 17/12, 41/29, 99/70, 239/169, 577/408, ...

(ಕೊನೆಯದು ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಕೊಟ್ಟಿರುವ ಅಳತೆಯೇ: 1 + 1/3 + 1/(3·4) − 1/(3·4·34). ಕೂಡಿ ನೋಡಿ, ಸರಿಯಾಗಿ 577/408.)

ಪ್ರತಿ ಪದಕ್ಕೂ p² − 2q² ಲೆಕ್ಕ ಹಾಕಿದೆ. 1 − 2 = −1. 9 − 8 = 1. 49 − 50 = −1. 289 − 288 = 1. ಪ್ರತಿ ಸಲವೂ ಒಂದು, ಚಿಹ್ನೆ ಮಾತ್ರ ಅದಲು ಬದಲು. ಕಾರಣ ಒಂದೇ ಸಾಲಿನದು:

(p + 2q)² − 2(p + q)² = 2q² − p² = −(p² − 2q²)

ನಿಯಮ ಒಂದು ಸಲ ನಡೆದರೆ ಚಿಹ್ನೆ ತಿರುಗುತ್ತದೆ, ಅಳತೆ ಹಾಗೇ ಉಳಿಯುತ್ತದೆ. ಇದನ್ನು q²ರಿಂದ ಭಾಗಿಸಿದರೆ, ಪದದ ವರ್ಗ 2ರಿಂದ ಸರಿಯಾಗಿ 1/q² ದೂರದಲ್ಲಿದೆ ಎಂದಾಯಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇನ್ನು ಕೋಶಿ ಎಂದು ತೋರಿಸಬೇಕು. ಇಲ್ಲಿ ನಾನೇ ಒಂದು ಸಲ ಜಾರಿದೆ. ಪಕ್ಕಪಕ್ಕದ ಪದಗಳ ವ್ಯತ್ಯಾಸ ಸೊನ್ನೆಗೆ ಹೋಗುತ್ತದೆ ಎಂದು ತೋರಿಸಿ, ಕೆಳಗೆ ಗೆರೆ ಎಳೆದುಬಿಟ್ಟೆ. ಮರುದಿನ ಬೆಳಿಗ್ಗೆ ಓದಿದಾಗ ಗೊತ್ತಾಯಿತು, ಅಷ್ಟು ಸಾಲದು. 1, 1 + 1/2, 1 + 1/2 + 1/3 ಎಂದು ಕೂಡುತ್ತಾ ಹೋಗಿ. ಪಕ್ಕದ ವ್ಯತ್ಯಾಸ ಚಿಕ್ಕದಾಗುತ್ತಲೇ ಇರುತ್ತದೆ, ಮೊತ್ತ ಮಾತ್ರ ಎಲ್ಲೂ ನಿಲ್ಲದೆ ಬೆಳೆಯುತ್ತದೆ. ಕೋಶಿ ಎನ್ನಲು ಪಕ್ಕದ ಎರಡು ಪದ ಅಲ್ಲ, ದೂರದ ಯಾವ ಎರಡು ಪದವಾದರೂ ಹತ್ತಿರ ಇರಬೇಕು. ವಿದ್ಯಾರ್ಥಿಗಳ ಉತ್ತರಗಳಲ್ಲಿ ನಾನು ಅತಿ ಜಾಸ್ತಿ ಕಾಣುವ ತಪ್ಪು ಇದೇ. ನಾನೂ ಅದೇ ಮಾಡಿದ್ದೆ ಎಂದು ಅವರಿಗೆ ಈಗ ಹೇಳುತ್ತೇನೆ.

ಸರಿಪಡಿಸಿದ್ದು ಹೀಗೆ. ಪಕ್ಕದ ಎರಡು ಪದಗಳನ್ನು ಕಳೆದಾಗ ಮೇಲೆ ಬರುವುದು (p + 2q)q − p(p + q), ಅಂದರೆ 2q² − p². ಮತ್ತೆ ಅದೇ ಹಳೆಯ ±1! ಹಾಗಾಗಿ ಒಂದು ಪದಕ್ಕೂ ಮುಂದಿನದಕ್ಕೂ ಇರುವ ದೂರ 1 ಭಾಗಿಸು ಅವುಗಳ ಛೇದಗಳ ಗುಣಲಬ್ಧ. ಹೆಜ್ಜೆ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ, ಪ್ರತಿ ಸಲವೂ ಹಿಂದಿನದಕ್ಕಿಂತ ಚಿಕ್ಕದು. ಮೇಲೆ ಹೋದ ಹೆಜ್ಜೆಗಿಂತ ಕೆಳಗೆ ಬಂದದ್ದು ಚಿಕ್ಕದಾದರೆ, ಹೊರಟ ಜಾಗವನ್ನು ಮತ್ತೆ ದಾಟಲು ಆಗುವುದಿಲ್ಲ. ಪಕ್ಕದ ಎರಡು ಪದ ಹಿಡಿದರೆ, ಅವುಗಳ ನಂತರದ ಪದಗಳೆಲ್ಲ ಆ ಎರಡರ ನಡುವೆಯೇ ಸಿಕ್ಕಿಕೊಳ್ಳುತ್ತವೆ.

ಯಾರೋ 1/1000 ಎಂಬ ಅಂತರ ಕೊಟ್ಟರು ಎನ್ನಿ. 12 × 29 = 348, ಸಾಲದು. 29 × 70 = 2030, ಸಾಕು. ಅಂದರೆ 41/29ರಿಂದ ಮುಂದೆ ಯಾವ ಎರಡು ಪದ ಆರಿಸಿದರೂ ಅವು 41/29 ಮತ್ತು 99/70ರ ನಡುವೆ ಇರುತ್ತವೆ, ದೂರ 1/2030 ಮೀರುವುದಿಲ್ಲ. ಛೇದಗಳು ಬೆಳೆಯುತ್ತಲೇ ಹೋಗುವುದರಿಂದ ಯಾವ ಅಂತರ ಕೊಟ್ಟರೂ ಇದೇ ಲೆಕ್ಕ ನಡೆಯುತ್ತದೆ. ಕೋಶಿ ಆಯಿತು, √ ಬರಲಿಲ್ಲ.

ಉಳಿದದ್ದು ಎರಡನೇ ಅರ್ಧ: ಇದಕ್ಕೆ ಭಾಗಲಬ್ಧ ಲಿಮಿಟ್ ಇಲ್ಲ. "ಲಿಮಿಟ್ ಇದ್ದರೆ ಅದರ ವರ್ಗ 2 ಆಗಬೇಕು, ಅದು ಸಾಧ್ಯವಿಲ್ಲ" ಎಂದು ಮುಗಿಸಬಹುದು, ತಪ್ಪೇನಿಲ್ಲ. ಆದರೆ ನನಗೆ ಅದು ಬಾಗಿಲು ಮುಚ್ಚಿ ಓಡಿದ ಹಾಗೆ ಅನ್ನಿಸುತ್ತಿತ್ತು. ಒಂದು ಭಿನ್ನರಾಶಿಯನ್ನು ಕೈಯಲ್ಲಿ ಹಿಡಿದು, ಶ್ರೇಣಿ ಅದರಿಂದ ಎಷ್ಟು ದೂರ ಉಳಿಯುತ್ತದೆ ಎಂದು ಅಳೆದು ತೋರಿಸಬೇಕಿತ್ತು.

a/b ಯಾವುದೋ ಭಿನ್ನರಾಶಿ ಇರಲಿ. a² ಮತ್ತು 2b² ಸಮ ಆಗಲಾರವು. 2ರಿಂದ ಎಷ್ಟು ಸಲ ಭಾಗಿಸಬಹುದು ಎಂದು ಎಣಿಸಿದರೆ a²ಗೆ ಸಮಸಂಖ್ಯೆ ಬರುತ್ತದೆ, 2b²ಗೆ ಬೆಸಸಂಖ್ಯೆ. ಎರಡೂ ಪೂರ್ಣಾಂಕಗಳು, ಬೇರೆ ಬೇರೆ. ಹಾಗಾದರೆ ಅವುಗಳ ನಡುವೆ ಕನಿಷ್ಠ 1ರ ವ್ಯತ್ಯಾಸ ಇದ್ದೇ ಇರಬೇಕು. ಅಂದರೆ a/bಯ ವರ್ಗ 2ರಿಂದ ಕನಿಷ್ಠ 1/b² ದೂರ. ಇದು ನನಗೆ ತುಂಬಾ ಇಷ್ಟವಾದ ಜಾಗ. "ಸಮ ಅಲ್ಲ" ಎಂಬ ಮಾತು ಇಲ್ಲಿ "ಇಷ್ಟು ದೂರ" ಎಂದು ಬದಲಾಗುತ್ತದೆ.

ನಮ್ಮ ಪದದ ವರ್ಗವೋ, 2ರಿಂದ ಬರೀ 1/q² ದೂರದಲ್ಲಿದೆ. ಹಾಗಾಗಿ ಎರಡು ವರ್ಗಗಳ ನಡುವೆ ಕನಿಷ್ಠ 1/b² − 1/q² ಅಂತರ ಇದೆ. ಶ್ರೇಣಿಯ ಪದಗಳೆಲ್ಲ 1 ಮತ್ತು 3/2ರ ನಡುವೆ ಇರುವುದರಿಂದ ಲಿಮಿಟ್ ಆಗಬಯಸುವ a/b ಕೂಡ ಅಲ್ಲೇ ಇರಬೇಕು, ಎರಡರ ಮೊತ್ತ 3 ಮೀರದು. ವರ್ಗಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ದೂರ ಸಿಗುತ್ತದೆ. q, 2bಯನ್ನು ಮುಟ್ಟಿದ ಮೇಲೆ ಆ ದೂರ ಕನಿಷ್ಠ 1/(4b²). a/bಯ ಸುತ್ತ ಇದೊಂದು ಬೇಲಿ ಇದ್ದ ಹಾಗೆ, ಹಾಗಾಗಿ ಅದು ಲಿಮಿಟ್ ಆಗಲಾರದು.

ಈ ಬೇಲಿಯನ್ನು 99/70ರ ಮೇಲೆ ಪರೀಕ್ಷಿಸಿದೆ. ಬೇಕೆಂದೇ ಶ್ರೇಣಿಯಲ್ಲೇ ಇರುವ ಪದ ಆರಿಸಿದ್ದು. ಶ್ರೇಣಿ ಅದನ್ನು ಮುಟ್ಟುತ್ತದೆ, ಆದರೆ ಅಲ್ಲಿ ಉಳಿಯುವುದಿಲ್ಲ. ಬೇಲಿ 1/(4 × 4900), ಅಂದರೆ 1/19600. ಛೇದ 140 ದಾಟಿದ ಮೊದಲ ಪದ 239/169, ಅದು 99/70ರಿಂದ 1/11830 ದೂರ. ಮುಂದಿನ 577/408 ಸ್ವಲ್ಪ ಹತ್ತಿರ ಬಂದು 1/14280ಕ್ಕೆ ನಿಲ್ಲುತ್ತದೆ. ಬೇಲಿಯೊಳಗೆ ಇನ್ನು ಯಾವ ಪದವೂ ಕಾಲಿಡುವುದಿಲ್ಲ. ಎಷ್ಟೇ ದೊಡ್ಡ ಛೇದದ ಭಿನ್ನರಾಶಿ ತಂದರೂ ಅದರ ಸುತ್ತ ಅದರದೇ ಅಳತೆಯ ಒಂದು ಬೇಲಿ ಇರುತ್ತದೆ. ಛೇದ ದೊಡ್ಡದಾದಷ್ಟೂ ಬೇಲಿ ಸಣ್ಣದು, ಆದರೆ ಸೊನ್ನೆ ಆಗುವುದಿಲ್ಲ.

ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಲ್ಯಾಪ್‌ಟಾಪ್ ತೆರೆದು ನನ್ನನ್ನು ಹಿಡಿದ. ಅವನ ಕೋಡ್ ಇಷ್ಟೇ:

```
p, q = 1, 1
for n in range(1, 51):
    print(n, p*p - 2*q*q, p/q)
    p, q = p + 2*q, p + q
```

"ಸರ್, 22ನೇ ಸಾಲಿನಿಂದ ಮುಂದೆ ಬರೀ 1.4142135623730951 ಬರ್ತಿದೆ. ಬದಲಾಗ್ತಾನೇ ಇಲ್ಲ. ಇದೂ ಭಾಗಲಬ್ಧವೇ ಅಲ್ವಾ? ಲಿಮಿಟ್ ಸಿಕ್ತಲ್ಲ!"

ಭಾಗಲಬ್ಧವೇ, ಹೌದು. ಯಂತ್ರದೊಳಗೆ ಅದು 6369051672525773 ಭಾಗಿಸು 2⁵². ಅಂಶ ಬೆಸಸಂಖ್ಯೆ, ಅದರ ವರ್ಗವೂ ಬೆಸ. ಇನ್ನೊಂದು ಬದಿಯ 2b² ಸಮಸಂಖ್ಯೆ. ಕ್ಯಾಲ್ಕುಲೇಟರ್ ಮುಟ್ಟದೆಯೇ ಹೇಳಬಹುದು, ಇದರ ವರ್ಗ 2 ಅಲ್ಲ. ನಿಂತುಹೋಗಿದ್ದು ಶ್ರೇಣಿ ಅಲ್ಲ, ಪರದೆಯ ಮೇಲೆ ಬರುವ ಮುಂಚೆ ನಡೆಯುವ ದುಂಡುಗೊಳಿಸುವಿಕೆ. ಮಧ್ಯದ ಕಾಲಂ ನೋಡು ಎಂದೆ. ಅದು ಪೂರ್ಣಾಂಕಗಳ ಲೆಕ್ಕ, ಅಲ್ಲಿ ದುಂಡುಗೊಳಿಸುವುದಿಲ್ಲ. 50ನೇ ಸಾಲಿನವರೆಗೂ −1, 1, −1, 1 ಎಂದು ಕುಣಿಯುತ್ತಲೇ ಇದೆ. ಒಂದು ಸಲವೂ 0 ಬಂದಿಲ್ಲ. ಅವನ ಸಂಖ್ಯೆಯ ಬೇಲಿ 1/2¹⁰⁶, ಮತ್ತು 43ನೇ ಸಾಲಿನಿಂದ ಮುಂದೆ ಪದಗಳೆಲ್ಲ ಅದರ ಹೊರಗೆ. ಅಷ್ಟು ಸಣ್ಣ ಬೇಲಿ ಆ ಮೂರನೇ ಕಾಲಂಗೆ ಕಾಣುವುದಿಲ್ಲ.

ಹಿಂದಿನ ಬೆಂಚಿನವಳು ಇನ್ನೂ ಬಿಟ್ಟಿರಲಿಲ್ಲ. "ಹಾಗಾದ್ರೆ 1, 1.4, 1.41... ಅದರ ತೂತು ಬೇರೆ, ಇದರದು ಬೇರೆ ಇರಬಹುದಲ್ಲ ಸರ್?"

ಒಳ್ಳೆಯ ಪ್ರಶ್ನೆ. ಬೋರ್ಡಿನ ಮೇಲೆ ಎರಡೂ ಶ್ರೇಣಿಗಳನ್ನು ಪಕ್ಕಪಕ್ಕ ಬರೆದೆ. ಎರಡರ ವರ್ಗಗಳೂ 2ಕ್ಕೆ ಹತ್ತಿರ ಹೋಗುತ್ತವೆ, ಹಾಗಾಗಿ ವರ್ಗಗಳ ವ್ಯತ್ಯಾಸ ಸೊನ್ನೆಗೆ ಹೋಗುತ್ತದೆ. ಮೊತ್ತ ಯಾವಾಗಲೂ 2ಕ್ಕಿಂತ ಕಡಿಮೆ ಇಲ್ಲ. ಭಾಗಿಸಿದರೆ ಪದಗಳ ವ್ಯತ್ಯಾಸವೂ ಸೊನ್ನೆಗೆ. ತೂತು ಒಂದೇ.

ಕೋಶಿ 1821ರಲ್ಲಿ ಇಂಥ ಶ್ರೇಣಿಗಳಿಗೆ ಲಿಮಿಟ್ ಇದ್ದೇ ಇದೆ ಎಂದು ಹೇಳಿದ್ದ, ಸಾಧಿಸಿರಲಿಲ್ಲ. ಭಾಗಲಬ್ಧಗಳನ್ನು ಮಾತ್ರ ಇಟ್ಟುಕೊಂಡರೆ ಅದು ಸುಳ್ಳು ಎಂದು ನಾವು ಈಗಷ್ಟೇ ನೋಡಿದೆವು. 1872ರಲ್ಲಿ ಕ್ಯಾಂಟರ್ ಪ್ರಶ್ನೆಯನ್ನೇ ತಿರುಗಿಸಿದ. ಲಿಮಿಟ್ ಹುಡುಕಲು ಹೋಗದೆ, ಶ್ರೇಣಿಗೇ ಒಂದು ಸಂಖ್ಯೆಯ ಹೆಸರು ಕೊಟ್ಟ. ವ್ಯತ್ಯಾಸ ಸೊನ್ನೆಗೆ ಹೋಗುವ ಶ್ರೇಣಿಗಳೆಲ್ಲ ಅದೇ ಸಂಖ್ಯೆಯವು. ನಾನು ಆ ಎರಡು ಶ್ರೇಣಿಗಳ ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ಆ ದಿನ ಮೊದಲ ಸಲ √2 ಎಂದು ಬರೆದೆ.