ಇಲ್ಲಗಳಿಂದ ಮಗ್ಗ ಕಟ್ಟಿದ್ದು: ನನ್ನ ಅನುಭವ

ಬರೀ ‘ಇಲ್ಲ’ಗಳನ್ನು ಪೇರಿಸಿದರೆ ಸಾಮಾನಿನ ಪಟ್ಟಿಯಾಗುತ್ತದೆ, ಕವಿತೆಯಾಗುವುದಿಲ್ಲ ಎಂದು ಬರೆಯುವ ಗೆಳೆಯರೆಲ್ಲ ಹೇಳಿದ್ದರು. ಈಗ ಆರು ಸಾಲು ನಿಂತಿವೆ. ಮಗ್ಗ ಮಾರಿದ ನೇಕಾರರ ಮನೆಯ ಮೇಲೆ ಬರೆದದ್ದು, ‘ಮಗ್ಗ’ ಎಂಬ ಮಾತು ಒಮ್ಮೆಯೂ ಬಂದಿಲ್ಲ. ಹೆಸರು ಮುಚ್ಚಿಟ್ಟು ಹತ್ತು ಹನ್ನೆರಡು ಜನಕ್ಕೆ ಓದಿಸಿ ‘ಈ ಮನೆಯಲ್ಲಿ ಏನಿಲ್ಲ?’ ಎಂದು ಕೇಳಿದೆ. ಎಂಟು ಜನರಾದರೂ ಸರಿಯಾಗಿ ಹೇಳಿದರು.

ಮೊದಲ ಕರಡು ಹೀಗಿತ್ತು:

ಬೆಳಕಿಲ್ಲ, ನಗೆಯಿಲ್ಲ
ಒಲೆಯಲ್ಲಿ ಬೆಂಕಿಯಿಲ್ಲ
ಬಾಗಿಲಲ್ಲಿ ಯಾರೂ ಇಲ್ಲ

ಇದಕ್ಕೆ ಬಂದ ಉತ್ತರ ‘ಯಾರೋ ಸತ್ತ ಮನೆ’. ತಪ್ಪು ಓದುಗರದಲ್ಲ. ಬೆಳಕು, ನಗೆ, ಬೆಂಕಿ ಯಾವ ಮನೆಯಲ್ಲಿ ಬೇಕಾದರೂ ಇಲ್ಲದಿರಬಹುದು. ಇಲ್ಲವೆನ್ನುವ ಮಾತು ಮುಟ್ಟಬೇಕಾದರೆ ಆ ವಸ್ತು ಅಲ್ಲಿ ಇರಲೇಬೇಕಿತ್ತು ಎಂಬ ನಿರೀಕ್ಷೆ ಮೊದಲೇ ಇರಬೇಕು. ಹಾಗಾಗಿ ಗುಂಡಿಮಗ್ಗ ಇದ್ದ ಮನೆಯಲ್ಲಿ ಮಾತ್ರ ನಡೆಯುವ ಕೆಲಸಗಳನ್ನು ಬರೆದಿಟ್ಟುಕೊಂಡೆ: ನಸುಕಿನ ಲಾಳಿಯ ಸದ್ದು, ಹಾಸು ನೂಲಿಗೆ ಗಂಜಿ ಹಾಕುವುದು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವುದು, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು. ಸುಮಾರು ಇಪ್ಪತ್ತು ಬಂದವು, ನಾಲ್ಕು ಉಳಿದವು. ಉಳಿದ ನಾಲ್ಕನ್ನು ಆರಿಸಿದ ಲೆಕ್ಕ ನನ್ನ ಹತ್ತಿರವೇ ಇರಲಿ.

ಕನ್ನಡದಲ್ಲಿ ‘ಇಲ್ಲ’ ಸಾಲಿನ ಕೊನೆಗೆ ಬರುತ್ತದೆ. ಅಂದರೆ ವಸ್ತು ಮೊದಲು ಕಣ್ಣಿಗೆ ಬಂದು ಆಮೇಲೆ ಅಳಿಯುತ್ತದೆ. ನಮಗೆ ಇದು ಪುಕ್ಕಟೆ ಸಿಕ್ಕ ಲಾಭ. ಆದರೆ ಮೂರು ಸಾಲು ದಾಟಿದರೆ ಓದುವವರು ‘ಇಲ್ಲ’ವನ್ನು ಮೊದಲೇ ಊಹಿಸಿಬಿಡುತ್ತಾರೆ, ವಸ್ತು ಕಣ್ಣಿಗೆ ಕಟ್ಟುವುದೇ ಇಲ್ಲ. ನಾನು ಒಂಬತ್ತು ‘ಇಲ್ಲ’ ಹಾಕಿ ಕೆಟ್ಟದ್ದು ಇಲ್ಲೇ. ಈಗ ಮೂರಾದ ಮೇಲೆ ಒಂದು ‘ಇದೆ’ ಇಡುತ್ತೇನೆ.

ಸಂಧಿಯನ್ನೂ ನೋಡಿಕೊಳ್ಳಬೇಕು. ‘ಸದ್ದಿಲ್ಲ’ ಎಂದರೆ ಅಳಿಸುವುದು ಒಂದೇ ಏಟಿಗೆ ಮುಗಿಯುತ್ತದೆ. ‘ಸದ್ದು ಇಲ್ಲ’ ಎಂದು ಬಿಡಿಸಿದರೆ ಸದ್ದು ಒಂದು ಕ್ಷಣ ನಿಂತು ಹೋಗುತ್ತದೆ. ಎರಡೂ ಬೇಕಾಗುತ್ತವೆ, ಒಂದೇ ಸಾಲಿನಲ್ಲಿ ಅಲ್ಲ.

ಹೆಚ್ಚು ದಿನ ತಿಂದದ್ದು ಮೂರನೆಯ ಸಾಲು. ‘ಕಂಡಿಕೆ ಸುತ್ತುವ ಮಗುವಿಗೆ ಬೈಗುಳವಿಲ್ಲ’ ಎಂದು ಬರೆದಿದ್ದೆ. ಓದಿದವರು ‘ಪಾಪ, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದರು! ಇಲ್ಲಿ ‘ಇಲ್ಲ’ ಬೈಗುಳವನ್ನಷ್ಟೇ ಅಳಿಸುತ್ತದೆ. ಕಂಡಿಕೆ, ಸುತ್ತುವ ಮಗು ಎರಡೂ ಹಾಗೇ ಉಳಿಯುತ್ತವೆ, ಮನೆಯಲ್ಲಿ ಮಗ್ಗ ನಡೆಯುತ್ತಲೇ ಇರುತ್ತದೆ. ಸುತ್ತುವುದನ್ನು ಬೈಗುಳದ ಒಳಕ್ಕೆ ಸೇರಿಸಿದ ಮೇಲೆ ಸರಿಹೋಯಿತು:

ನಸುಕಿಗೆ ಸದ್ದಿಲ್ಲ
ಅವ್ವನ ಬೆರಳಿಗೆ ಗಂಜಿಯ ಅಂಟಿಲ್ಲ
ಕಂಡಿಕೆ ಸುತ್ತೆಂದು ಬೈಯುವವರಿಲ್ಲ
ಗುಂಡಿ ಇದೆ
ಅದರೊಳಗೆ ಇಳಿಯದ ಕಾಲು
ಬಸ್ಸಿಗೆ ಕಾದಿದೆ

ಐದನೆಯ ಸಾಲಿನ ‘ಇಳಿಯದ’ ಗಮನಿಸಿ. ‘ಇಳಿಯಲಿಲ್ಲ’ ಎಂದರೆ ನಿನ್ನೆಯದು, ‘ಇಳಿಯುವುದಿಲ್ಲ’ ಎಂದರೆ ಇಂದಿನದು ಇಲ್ಲವೇ ನಾಳೆಯದು. ‘ಇಳಿಯದ’ ಎಂಬುದಕ್ಕೆ ಕಾಲವೇ ಇಲ್ಲ. ‘ಕಾಣೆ’, ‘ಅರಿಯೆ’, ‘ಬಾರ’ ಎಂಬ ಹಳೆಯ ರೂಪಗಳಲ್ಲೂ ಇದೇ ಗುಣ. ಆದರೆ ಹೊಸ ಮಾತಿನ ನಡುವೆ ‘ಬಾರ’ ಇಟ್ಟರೆ ನಾಟಕದ ವಾಸನೆ ಹೊಡೆಯುತ್ತದೆ. ‘-ಅದ’ ಪ್ರತ್ಯಯ ಮಾತ್ರ ಎಲ್ಲಿ ಬೇಕಾದರೂ ಕೂರುತ್ತದೆ.

ನಡುವೆ ‘ಬೇಡ’ವನ್ನೂ ಪ್ರಯೋಗಿಸಿದೆ. ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನದಲ್ಲಿ ಏಳು ಬೇಡಗಳಾದ ಮೇಲೆ ‘ಇದೇ’ ಎಂದು ಮೂರು ಸಲ ಬೆರಳಿಟ್ಟು ತೋರಿಸುತ್ತಾರೆ. ಅದನ್ನು ನೋಡಿ ನಾನೂ ಕೊನೆಗೆ ‘ಇದೇ ನಮ್ಮ ಮಗ್ಗ’ ಎಂದು ಸೇರಿಸಿದೆ. ಕವಿತೆ ಅಲ್ಲೇ ಸತ್ತಿತು. ಕಾರಣ ಹೊಳೆಯಲು ವಾರಗಳೇ ಹಿಡಿದವು. ‘ಬೇಡ’ ಒಂದೊಂದೇ ದಾರಿ ಮುಚ್ಚುತ್ತದೆ, ಕೊನೆಗೆ ಉಳಿಯುವುದು ನಡೆಯುವ ಬಗೆ, ಅದಕ್ಕೆ ಹೆಸರು ಬೇಕು. ‘ಇಲ್ಲ’ ಒಂದು ವಸ್ತುವಿನ ಸುತ್ತ ಖಾಲಿ ಜಾಗ ಬಿಡಿಸುತ್ತದೆ. ಹೆಸರಿಟ್ಟ ಕೂಡಲೇ ಜಾಗ ತುಂಬಿಬಿಡುತ್ತದೆ.

‘ಅಲ್ಲ’ದಿಂದಲೂ ಆ ಗುಂಡಿಯ ಮೇಲೆ ಒಂದು ಬರೆದೆ: ‘ಇದು ಗೋರಿಯಲ್ಲ, ಬಾವಿಯಲ್ಲ, ಹಗೇವಲ್ಲ’. ಒಗಟಾಯಿತು. ಮಕ್ಕಳಿಗೆ ಇಷ್ಟವಾಯಿತು, ಅಷ್ಟೇ.

ದುಡ್ಡಿನ ಮಾತು. ಒಂಬತ್ತು ‘ಇಲ್ಲ’ಗಳ ಕಾಲದಲ್ಲಿ ಅವಸರಪಟ್ಟು ಸಣ್ಣ ಪುಸ್ತಕ ಮಾಡಿಸಿದೆ. ಮುನ್ನೂರು ಪ್ರತಿ, ನೆನಪಿದ್ದಂತೆ ಹದಿನೆಂಟು ಸಾವಿರದ ಆಸುಪಾಸು. ಮಾರಿದ್ದು ಅರವತ್ತು ದಾಟಲಿಲ್ಲ. ಈ ಆರು ಸಾಲಿಗೆ ಪತ್ರಿಕೆಯೊಂದು ಐನೂರು ಕೊಟ್ಟಿತು. ಸಾಲಿಗೆ ಎಂಬತ್ತಮೂರು ರೂಪಾಯಿ, ನಮ್ಮ ಬಳಗದಲ್ಲಿ ಯಾರಿಗೂ ಈ ದರ ಸಿಕ್ಕಿಲ್ಲ.

ಒಂದು ಮಿತಿಯೂ ಉಂಟು. ಕಂಡಿಕೆ ಎಂದರೇನೆಂದು ತಿಳಿಯದವರಿಗೆ ಈ ಕವಿತೆ ತೆರೆಯುವುದಿಲ್ಲ. ತಪ್ಪು ಉತ್ತರ ಕೊಟ್ಟವರೆಲ್ಲ ಅಲ್ಲೇ ಎಡವಿದ್ದು. ‘ನೂಲು’ ಎಂದು ಬದಲಿಸಿ ನೋಡಿದೆ, ಕೆಲವರು ಚರಕ ಎಂದರು. ಕಂಡಿಕೆಯನ್ನೇ ಮತ್ತೆ ಹಾಕಿದೆ.